ಹನ್ನೆರಡು ಮನೆಯ ಪಟ್ಟಿ

ನವೆಂಬರ್ ತಿಂಗಳ ಒಂದು ಸಂಜೆ ನನ್ನ ಮೊಬೈಲ್‌ಗೆ ಒಂದು ಸಂದೇಶ ಬಂತು. “ಸರ್, ಭಿನ್ನರಾಶಿಗೆ ಒಂದು ಪಾಠ ಯೋಜನೆ ಕಳುಹಿಸಿ. ನಾಳೆಯೇ ಬೇಕು.” ಅದರಲ್ಲಿ ಬೇರೇನೂ ಇರಲಿಲ್ಲ. ಕಳುಹಿಸಿದವರು ಪಾವಗಡ ತಾಲ್ಲೂಕಿನ ಒಂದು ಗಡಿಹಳ್ಳಿಯ ಸರ್ಕಾರಿ ಶಾಲೆಗೆ ಜೂನ್‌ನಲ್ಲಿ ಸೇರಿದ್ದ ಅತಿಥಿ ಶಿಕ್ಷಕಿ. ನಾನು ಪ್ರೌಢಶಾಲೆಯಲ್ಲಿ ಗಣಿತ ಕಲಿಸಿ ನಿವೃತ್ತನಾದವನು. ಪ್ರಾಥಮಿಕ ಶಿಕ್ಷಕರ ತರಬೇತಿಗಳಲ್ಲಿ ಸಂಪನ್ಮೂಲ ವ್ಯಕ್ತಿಯಾಗಿ ಹೋಗುತ್ತಿದ್ದುದರಿಂದ ಯಾರೋ ನನ್ನ ಸಂಖ್ಯೆಯನ್ನು ಅವರಿಗೆ ಕೊಟ್ಟಿದ್ದರು.

ಎರಡು ಬಾರಿ ಕರೆ ಮಾಡಿದೆ, ಸಂಪರ್ಕ ಸಿಗಲಿಲ್ಲ. ಆ ಕಡೆ ಹಳ್ಳಿಗಳಲ್ಲಿ ಸಂಜೆಯಾದರೆ ಹೀಗೆಯೇ. ನಾಳೆಯೇ ಬೇಕೆಂದಿದ್ದಾರಲ್ಲ ಎಂದು ನಾನೇ ಕುಳಿತು ಬರೆದೆ. ಭಿನ್ನರಾಶಿ ಎಂದೊಡನೆ ನನ್ನ ಕಣ್ಣ ಮುಂದೆ ಬಂದದ್ದು ಆರನೇ ತರಗತಿ. ಅವಧಿ ನಲವತ್ತು ನಿಮಿಷ ಎಂದುಕೊಂಡೆ. ಗಣಿತ ಕಿಟ್ ಇದ್ದೇ ಇರುತ್ತದೆ ಎಂದುಕೊಂಡೆ. ತರಬೇತಿಯಲ್ಲಿ ನಾವೇ ಹೇಳಿಕೊಡುತ್ತಿದ್ದ ಐದು ಹಂತಗಳಿಗೆ ಪಾಠವನ್ನು ಹೊಂದಿಸಿದೆ: ತೊಡಗಿಸಿಕೊಳ್ಳುವಿಕೆ, ಅನ್ವೇಷಣೆ, ವಿವರಣೆ, ವಿಸ್ತರಣೆ, ಮೌಲ್ಯಮಾಪನ. ವಿಜಾತಿ ಭಿನ್ನರಾಶಿಗಳ ಹೋಲಿಕೆ, ಸಂಕಲನ, ಒಂದು ಚಟುವಟಿಕೆ ಹಾಳೆ, ಕೊನೆಗೆ ಐದು ಲೆಕ್ಕ. ಆರು ಪುಟವಾಯಿತು. ರಾತ್ರಿ ಹತ್ತೂವರೆಗೆ ಕಳುಹಿಸಿ ಮಲಗಿದೆ.

ಮರುದಿನ ಸಂಜೆ ಅವರೇ ಕರೆ ಮಾಡಿದರು. ಧ್ವನಿಯಲ್ಲಿ ಸಂಕೋಚವಿತ್ತು.

“ಸರ್, ತುಂಬಾ ಚೆನ್ನಾಗಿ ಬರೆದಿದ್ದೀರಿ. ಆದರೆ ನನಗೆ ಉಪಯೋಗವಾಗಲಿಲ್ಲ. ನಮ್ಮದು ಕಿರಿಯ ಪ್ರಾಥಮಿಕ ಶಾಲೆ. ನಾಲ್ಕು ಮತ್ತು ಐದನೇ ತರಗತಿಯವರನ್ನು ಒಂದೇ ಕೊಠಡಿಯಲ್ಲಿ ಕೂರಿಸಿ ಪಾಠ ಮಾಡುತ್ತೇನೆ.”

“ಎಷ್ಟು ಮಕ್ಕಳು ಮೇಡಂ?”

“ನಾಲ್ಕರಲ್ಲಿ ಹದಿನಾಲ್ಕು, ಐದರಲ್ಲಿ ಒಂಬತ್ತು. ನಿಮ್ಮ ಚಟುವಟಿಕೆ ಹಾಳೆಯನ್ನು ಇಪ್ಪತ್ತಮೂರು ಪ್ರತಿ ತೆಗೆಸಬೇಕೆಂದರೆ ನಾನು ಹನ್ನೊಂದು ಕಿಲೋಮೀಟರ್ ಬಸ್ಸಿನಲ್ಲಿ ಹೋಗಬೇಕು.”

ಕಿಟ್ ಇದೆಯೇ ಎಂದು ಕೇಳಿದೆ. ಪೆಟ್ಟಿಗೆ ಇದೆ, ಭಿನ್ನರಾಶಿ ಪಟ್ಟಿಗಳಲ್ಲಿ ಅರ್ಧಕ್ಕರ್ಧ ಕಳೆದುಹೋಗಿವೆ ಎಂದರು. ವೇಳಾಪಟ್ಟಿಯಲ್ಲಿ ನಲವತ್ತು ನಿಮಿಷ ಇದೆ, ಆದರೆ ಬಿಸಿಯೂಟಕ್ಕೆ ಮುಂಚಿನ ಅವಧಿಯಾದ್ದರಿಂದ ತಟ್ಟೆ ತೊಳೆಯಲು, ಸಾಲು ನಿಲ್ಲಿಸಲು ಹೊರಟರೆ ಕೈಗೆ ಸಿಗುವುದು ಮೂವತ್ತು, ಕೆಲವು ದಿನ ಇಪ್ಪತ್ತೈದು. ಇಷ್ಟಕ್ಕೆಲ್ಲ ಅವರಲ್ಲಿ ತಕ್ಷಣ ಉತ್ತರವಿತ್ತು. ನಾನು ಕೇಳಬೇಕಾಗಿದ್ದ ನಾಲ್ಕನೆಯ ಪ್ರಶ್ನೆಯನ್ನು ಆಮೇಲೆ ಕೇಳಿದೆ. “ಭಿನ್ನರಾಶಿಯಲ್ಲಿ ಎಷ್ಟು ಆಳಕ್ಕೆ ಹೋಗಬೇಕು? ಮಕ್ಕಳಿಗೆ ಈಗ ಏನು ಗೊತ್ತಿದೆ?”

ಸ್ವಲ್ಪ ಹೊತ್ತು ಮೌನ. “ಪುಸ್ತಕದಲ್ಲಿ ಇರುವಷ್ಟು ಸರ್.”

ಆ ಉತ್ತರ ನನ್ನನ್ನು ರಾತ್ರಿಯೆಲ್ಲ ಯೋಚನೆಗೆ ಹಚ್ಚಿತು. ಅವರು ತಪ್ಪಿಸಿಕೊಳ್ಳಲು ಹಾಗೆ ಹೇಳಿರಲಿಲ್ಲ. ತರಗತಿ, ನಿಮಿಷ, ಸಾಮಗ್ರಿ ಈ ಮೂರನ್ನು ಶಿಕ್ಷಕರು ಹೇಳಬಲ್ಲರು, ನಾನು ಕೇಳದೆ ಹೋದದ್ದು ನನ್ನ ತಪ್ಪು. ಆದರೆ ಆಳ ಎಷ್ಟು ಎಂಬುದು ಶಿಕ್ಷಕರ ಬಳಿಯೂ ಇಲ್ಲ, ಪುಸ್ತಕದಲ್ಲೂ ಇಲ್ಲ. ಪುಸ್ತಕ ಹೇಳುವುದು ದಾರಿಯನ್ನು ಮಾತ್ರ: ನಾಲ್ಕರಲ್ಲಿ ಅರ್ಧ ಮತ್ತು ಕಾಲು, ಐದರಲ್ಲಿ ಸಮಾನ ಭಿನ್ನರಾಶಿ, ಆರರಲ್ಲಿ ಹೋಲಿಕೆ ಮತ್ತು ಕೂಡಿಸುವುದು ಕಳೆಯುವುದು, ಏಳರಲ್ಲಿ ಗುಣಾಕಾರ ಭಾಗಾಕಾರ. ಆ ದಾರಿಯಲ್ಲಿ ಈ ಇಪ್ಪತ್ತಮೂರು ಮಕ್ಕಳು ಎಲ್ಲಿ ನಿಂತಿದ್ದಾರೆ ಎಂಬುದನ್ನು ಮಕ್ಕಳೇ ಹೇಳಬೇಕು. ಐದನೇ ತರಗತಿಯಲ್ಲಿ ಕುಳಿತ ಮಗು ಮೂರನೆಯದರಷ್ಟು ಮಾತ್ರ ಬಲ್ಲದ್ದಾಗಿರಬಹುದು, ಪಕ್ಕದ ನಾಲ್ಕನೇ ತರಗತಿಯ ಮಗು ಅದಕ್ಕಿಂತ ಮುಂದಿರಬಹುದು. ಹಾಗಾದರೆ ಪಾಠ ಯೋಜನೆಯ ತಲೆಯಲ್ಲಿ ತರಗತಿಯ ಹೆಸರನ್ನು ಬರೆದು ಅಲ್ಲಿಂದ ಇಳಿಯುವುದೇ ಹಿಂದುಮುಂದಾದ ಕೆಲಸ. ಮೊದಲ ಹತ್ತು ನಿಮಿಷವನ್ನು ಮಕ್ಕಳ ನೆಲೆ ಹುಡುಕಲು ಕೊಡಬೇಕು. ಅಲ್ಲಿಂದ ಮುಂದಕ್ಕೆ ಪಾಠ ತನ್ನ ದಾರಿಯನ್ನು ಆರಿಸಿಕೊಳ್ಳುವಂತೆ ಬರೆಯಬೇಕು.

ಐದು ಹಂತಗಳ ಚೌಕಟ್ಟನ್ನು ಪಕ್ಕಕ್ಕಿಟ್ಟೆ. ಅದನ್ನು ಕೆಟ್ಟದ್ದೆಂದು ನಾನು ಹೇಳುವುದಿಲ್ಲ. ಅದು 1980ರ ದಶಕದಲ್ಲಿ ಅಮೆರಿಕದಲ್ಲಿ ವಿಜ್ಞಾನ ಕಲಿಕೆಗಾಗಿ ರೂಪುಗೊಂಡದ್ದು, ಹಲವು ದಿನ ನಡೆಯುವ ಒಂದು ಘಟಕಕ್ಕೆ ಚೆನ್ನಾಗಿ ಒಗ್ಗುತ್ತದೆ. ಅದನ್ನು ಮೂವತ್ತು ನಿಮಿಷದೊಳಗೆ ತುರುಕಿದರೆ ಪ್ರತಿ ಹಂತಕ್ಕೂ ಆರು ನಿಮಿಷ ಬರುತ್ತದೆ. ಇಪ್ಪತ್ತಮೂರು ಮಕ್ಕಳು ಕಾಗದ ಹರಿದು ಮಡಚುವಷ್ಟರಲ್ಲಿ ಆರು ನಿಮಿಷ ಮುಗಿದಿರುತ್ತದೆ.

ಈ ಬಾರಿ ಒಂದೇ ಹಾಳೆ. ಮೇಲೆ ನಾಲ್ಕು ಖಾಲಿ ಜಾಗ: ತರಗತಿ, ಮಕ್ಕಳ ಸಂಖ್ಯೆ, ನಿಜವಾಗಿ ಸಿಗುವ ನಿಮಿಷ, ಕೈಯಲ್ಲಿರುವ ವಸ್ತು. ಅದರ ಕೆಳಗೆ ಮೂರು ಪ್ರಶ್ನೆ. ಅದರ ಕೆಳಗೆ ಹತ್ತು ಹನ್ನೆರಡು ನಿಮಿಷದ ಮೂರು ತುಣುಕು ಪಾಠ. ಯಾವ ತುಣುಕಿನ ಕೊನೆಗೆ ಗಂಟೆ ಹೊಡೆದರೂ ಅಲ್ಲಿಗೆ ಪಾಠ ಪೂರ್ತಿಯಾಗಿರಬೇಕು, ನಾಳೆ ಮುಂದಿನ ತುಣುಕಿನಿಂದ ಹೊರಡಬಹುದು. ಹಾಳೆಯ ಕೊನೆಯ ಕಾಲು ಭಾಗವನ್ನು ಏನೂ ಬರೆಯದೆ ಬಿಟ್ಟೆ.

ಮೂರು ಪ್ರಶ್ನೆಗಳಿಗೆ ಬೇಕಾದದ್ದು ಕಪ್ಪು ಹಲಗೆ ಮತ್ತು ಸೀಮೆಸುಣ್ಣ ಮಾತ್ರ. ಮೊದಲನೆಯದಕ್ಕೆ ಹಲಗೆಯ ಮೇಲೆ ಒಂದು ಆಯತ ಬರೆದು ಅದನ್ನು ಬೇಕೆಂದೇ ಚಿಕ್ಕದು ದೊಡ್ಡದಾಗಿ ನಾಲ್ಕು ತುಂಡು ಮಾಡಬೇಕು. ಅತಿ ಚಿಕ್ಕ ತುಂಡಿಗೆ ಬಣ್ಣ ತುಂಬಿ, “ಇದು ಕಾಲು ಭಾಗವೇ?” ಎಂದು ಕೇಳಬೇಕು. ಎರಡನೆಯದು ಬಾಯಿಮಾತಿನದು. ಒಂದೇ ಅಳತೆಯ ಎರಡು ರೊಟ್ಟಿ ಇವೆ, ಒಂದನ್ನು ಮೂವರು ಸಮನಾಗಿ ಹಂಚಿಕೊಂಡರು, ಇನ್ನೊಂದನ್ನು ನಾಲ್ವರು. ಯಾರಿಗೆ ಹೆಚ್ಚು ಸಿಕ್ಕಿತು? ಉತ್ತರ ಬಂದ ಮೇಲೆ ಹಲಗೆಯ ಮೇಲೆ 1/3 ಮತ್ತು 1/4 ಎಂದು ಬರೆದು, ಇವೆರಡರಲ್ಲಿ ಯಾವುದು ದೊಡ್ಡದು ಎಂದು ಕೇಳಬೇಕು. ಮೂರನೆಯದು ಬರಹದ್ದು. “ನಾಲ್ಕನೇ ಮೂರು” ಎಂದು ಶಿಕ್ಷಕರು ಹೇಳಬೇಕು, ಮಕ್ಕಳು ಅಂಕಿಯಲ್ಲಿ ಬರೆದು ಪುಸ್ತಕವನ್ನು ಎದೆಯ ಮುಂದೆ ಹಿಡಿಯಬೇಕು. ಶಿಕ್ಷಕರು ಒಂದು ಸುತ್ತು ಕಣ್ಣಾಡಿಸಿದರೆ ಸಾಕು, ಅಂಕ ಕೊಡಬೇಕಾಗಿಲ್ಲ.

ಉತ್ತರಗಳನ್ನು ಹೇಗೆ ಓದಬೇಕೆಂದು ಪಕ್ಕದಲ್ಲೇ ಬರೆದೆ. ಮೊದಲ ಪ್ರಶ್ನೆಯಲ್ಲಿ ಹೆಚ್ಚಿನವರು “ಹೌದು, ಕಾಲು” ಎಂದರೆ ಅವರಿಗೆ ನಾಲ್ಕು ತುಂಡು ಎಂಬುದು ಕಂಡಿದೆ, ಸಮ ತುಂಡು ಎಂಬುದು ಕಂಡಿಲ್ಲ. ಮೊದಲ ತುಣುಕಿನಿಂದಲೇ ಆರಂಭಿಸಬೇಕು. ಅದು ಸರಿಯಾಗಿದ್ದು, ರೊಟ್ಟಿಯಲ್ಲಿ ಮೂವರ ಪಾಲು ದೊಡ್ಡದೆಂದವರು ಹಲಗೆಯ ಮೇಲೆ 1/4 ದೊಡ್ಡದೆಂದರೆ ತೊಡಕಿರುವುದು ಬರಹದಲ್ಲಿ. ನಾಲ್ಕು ಮೂರಕ್ಕಿಂತ ದೊಡ್ಡದೆಂಬ ಹಳೆಯ ತಿಳಿವಳಿಕೆಯನ್ನು ಮಗು ಇಲ್ಲಿಗೂ ತಂದಿದೆ. ಎರಡನೇ ತುಣುಕಿನಿಂದ ಹೊರಡಬೇಕು. ಮೂರಕ್ಕೂ ಸರಿಯಾದ ಉತ್ತರ ಬಂದರೆ ಮೂರನೇ ತುಣುಕು.

ಸಾಮಗ್ರಿಯ ಬಗ್ಗೆ ಹೆಚ್ಚು ತಲೆ ಕೆಡಿಸಿಕೊಂಡೆ. ಏನಿದೆಯೋ ಗೊತ್ತಿಲ್ಲದ ಶಾಲೆಯಲ್ಲೂ ಇದ್ದೇ ಇರುವ ವಸ್ತು ಯಾವುದು? ರೊಟ್ಟಿ, ಹಣ್ಣು, ವೃತ್ತದ ಚಿತ್ರ ಬೇಡವೆಂದು ಮೊದಲೇ ತೀರ್ಮಾನಿಸಿದೆ. ವೃತ್ತವನ್ನು ಎರಡು, ನಾಲ್ಕು ಮಾಡುವುದು ಸುಲಭ, ಮೂರು ಸಮಭಾಗ ಮಾಡುವುದು ದೊಡ್ಡವರಿಗೂ ಕಷ್ಟ. ಮಗು ಅಂದಾಜಿನಲ್ಲಿ ಗೀಚಿದ ಮೂರನೇ ಒಂದು ಎಷ್ಟೋ ಬಾರಿ ಅದರದೇ ಕಾಲಿಗಿಂತ ಚಿಕ್ಕದಾಗಿರುತ್ತದೆ, ಆಗ ಚಿತ್ರವೇ ತಪ್ಪು ಪಾಠ ಹೇಳುತ್ತದೆ. ಕಾಗದ ಮಡಚುವುದರಲ್ಲೂ ಇದೇ ತೊಂದರೆ. ಅರ್ಧ, ಕಾಲು, ಎಂಟನೇ ಒಂದು ತಾವಾಗಿ ಬರುತ್ತವೆ, ಮೂರು ಬರುವುದಿಲ್ಲ.

ಮೇಜಿನ ಮೇಲೆ ಮೊಮ್ಮಗನ ಗೆರೆ ಪುಸ್ತಕವಿತ್ತು. ಅದನ್ನು ನೋಡುತ್ತಿದ್ದಾಗ ಹೊಳೆಯಿತು. ಹಾಳೆಯನ್ನು ಉದ್ದಕ್ಕೆ ಎರಡು ಬೆರಳಗಲದ ಪಟ್ಟಿಯಾಗಿ ಹರಿದರೆ ಗೆರೆಗಳು ಏಣಿಯ ಮೆಟ್ಟಿಲಿನಂತೆ ಅಡ್ಡಲಾಗಿ ಬರುತ್ತವೆ. ಎರಡು ಗೆರೆಗಳ ನಡುವಿನ ಜಾಗವನ್ನು ಒಂದು ಮನೆ ಎಂದು ಕರೆದರೆ, ಹನ್ನೆರಡು ಮನೆ ಉದ್ದದ ಪಟ್ಟಿಯಲ್ಲಿ ಅರ್ಧ ಆರು ಮನೆ, ಮೂರನೇ ಒಂದು ನಾಲ್ಕು ಮನೆ, ಕಾಲು ಮೂರು ಮನೆ, ಆರನೇ ಒಂದು ಎರಡು ಮನೆ. ಅಳತೆಪಟ್ಟಿ ಬೇಡ, ಪ್ರತಿ ತೆಗೆಸುವುದು ಬೇಡ. ಚೌಕಾಬಾರ ಆಡಿದ ಮಕ್ಕಳಿಗೆ ಮನೆ ಎಣಿಸುವುದನ್ನು ಹೇಳಿಕೊಡಬೇಕಾಗಿಯೂ ಇಲ್ಲ. ಒಂದು ವೇಳೆ ತರಗತಿ ಏಳನೆಯದಾಗಿದ್ದರೂ ಇದೇ ಪಟ್ಟಿ ನಡೆಯುತ್ತದೆ: ನಾಲ್ಕು ಮನೆಯ ತುಂಡನ್ನು ನಡುವೆ ಮಡಚಿದರೆ ಎರಡು ಮನೆ, ಅಂದರೆ ಮೂರನೇ ಒಂದರ ಅರ್ಧ ಆರನೇ ಒಂದು.

ಹಾಳೆಯನ್ನು ಕಳುಹಿಸಿ, ಶನಿವಾರ ಬೆಳಗಿನ ಶಾಲೆಗೆ ನಾನೂ ಬರಬಹುದೇ ಎಂದು ಕೇಳಿದೆ. ಮುಖ್ಯ ಶಿಕ್ಷಕರು ಒಪ್ಪಿದರು. ಮೊದಲ ಬಸ್ಸಿಗೆ ಹೋಗಿ ಹಿಂದಿನ ಬೆಂಚಿನಲ್ಲಿ ಕುಳಿತೆ.

ಮೊದಲ ಪ್ರಶ್ನೆಗೆ ಇಪ್ಪತ್ತಮೂರರಲ್ಲಿ ಹದಿನೈದು ಕೈಗಳು “ಹೌದು, ಕಾಲು” ಎಂದು ಎದ್ದವು. ಐದನೇ ತರಗತಿಯವರದೂ ನಾಲ್ಕು ಕೈ. ರೊಟ್ಟಿಯ ಪ್ರಶ್ನೆಗೆ ಇಡೀ ಕೊಠಡಿ ಒಂದೇ ಸಲ ಮೂವರ ಕಡೆಗೆ ಕೂಗಿತು, ಆ ಕೂಗು ಅಡಗುವ ಮೊದಲೇ 1/4 ದೊಡ್ಡದೆಂದೂ ಕೂಗಿತು. ಮೂರನೆಯದನ್ನು ಐದನೇ ತರಗತಿಯವರಿಗೆ ಮಾತ್ರ ಕೇಳಿದರು. ಒಂಬತ್ತರಲ್ಲಿ ಐದು ಪುಸ್ತಕಗಳಲ್ಲಿ 4/3 ಎಂದಿತ್ತು.

ಆ ಐದು ಮಕ್ಕಳು ಅಜಾಗರೂಕತೆಯಿಂದ ಬರೆದದ್ದಲ್ಲ. ಕೇಳಿದ ಕ್ರಮದಲ್ಲೇ ಬರೆದಿದ್ದರು. ಕನ್ನಡದಲ್ಲಿ ನಾವು ಛೇದವನ್ನು ಮೊದಲು ಹೇಳುತ್ತೇವೆ, ಅಂಶವನ್ನು ಆಮೇಲೆ ಹೇಳುತ್ತೇವೆ. ಬರೆಯುವಾಗ ಅಂಶ ಮೇಲೆ, ಮೊದಲು. ಕಿವಿಗೆ ನಾಲ್ಕು ಮೊದಲು ಬಿದ್ದರೆ ಕೈ ನಾಲ್ಕನ್ನು ಮೊದಲು ಬರೆಯುತ್ತದೆ. ಮೂವತ್ತು ವರ್ಷ ಇಂಥ ತಪ್ಪಿಗೆ ಕೆಂಪು ಗೆರೆ ಎಳೆದಿದ್ದೇನೆ. ಆ ಮಕ್ಕಳು ನನ್ನ ಮಾತನ್ನೇ ನಿಷ್ಠೆಯಿಂದ ಬರೆದಿದ್ದರೆಂಬುದು ಆಗ ನನಗೆ ಕಂಡಿರಲಿಲ್ಲ.

ಹಾಳೆ ಹೇಳಿದಂತೆ ಶಿಕ್ಷಕಿ ಮೊದಲ ತುಣುಕನ್ನು ಹಿಡಿದರು. ಹಳೆಯ ಪತ್ರಿಕೆಯ ಹಾಳೆಗಳನ್ನು ಒಬ್ಬೊಬ್ಬರಿಗೆ ಒಂದೊಂದು ಅಳತೆಯಲ್ಲಿ ಹರಿದು ಕೊಟ್ಟರು, ಕೆಲವರಿಗೆ ಇಡೀ ಪುಟ, ಕೆಲವರಿಗೆ ಅಂಗೈಯಗಲ. ಎಲ್ಲರೂ ನಾಲ್ಕು ಸಮಭಾಗ ಮಾಡಿ ಒಂದನ್ನು ಎತ್ತಿ ತೋರಿಸಬೇಕು. ಇಡೀ ಪುಟದವನ ಕಾಲು, ಅಂಗೈಯಗಲದವಳ ಪೂರ್ತಿ ಕಾಗದಕ್ಕಿಂತ ದೊಡ್ಡದಿತ್ತು. “ಇವನದೂ ಕಾಲು, ನಿನ್ನದೂ ಕಾಲು, ಒಂದೇ ಹೇಗೆ?” ಎಂದು ಕೇಳಿದರು. ಇಲ್ಲಿ ಗದ್ದಲವಾಗಲೆಂದೇ ಬರೆದಿದ್ದೆ, ಆಯಿತು. ಕೊನೆಗೆ ನಾಲ್ಕನೇ ತರಗತಿಯ ಹುಡುಗನೊಬ್ಬ, “ಅವನ ಕಾಗದದಲ್ಲಿ ಅವನ ಕಾಲು ಮಿಸ್” ಎಂದ. ಯಾವುದರ ಕಾಲು ಎಂಬ ಪ್ರಶ್ನೆ ಬಾರದೆ ಹೋಲಿಕೆಗೆ ಹೋದರೆ ಮುಂದೆಲ್ಲ ಜಾರುತ್ತದೆ. ಆದ್ದರಿಂದ ಈ ತುಣುಕಿನ ಕೊನೆಯ ಪ್ರಶ್ನೆ ಅದೇ ಆಗಿತ್ತು, ಮತ್ತೆ ಹಲಗೆಯ ಮೇಲಿನ ಅದೇ ಆಯತ. ಈ ಬಾರಿ ಕಾಲು ಎಂದವರು ಮೂವರು. ಅವರನ್ನು ಮುಂದೆ ಕರೆದು, ಆ ಚಿಕ್ಕ ತುಂಡಿನಷ್ಟೇ ಅಗಲದ ಕಾಗದವನ್ನು ಆಯತದ ಮೇಲೆ ಎಷ್ಟು ಬಾರಿ ಇಡಬಹುದೆಂದು ಅಳೆಯಲು ಹೇಳಿದರು. ಏಳು ಬಾರಿ ಹಿಡಿಯಿತು.

ನಾನು ಯೋಚಿಸದೇ ಇದ್ದ ಸಂಗತಿ ಇಷ್ಟರಲ್ಲೇ ಎದುರಾಗಿತ್ತು. ಮಕ್ಕಳು ತಮ್ಮೊಳಗೆ ಮಾತನಾಡುವಾಗ ಕಾಲು ಎನ್ನುತ್ತಿರಲಿಲ್ಲ, “ಪಾವು” ಎನ್ನುತ್ತಿದ್ದರು. ಆ ಹಳ್ಳಿಯಲ್ಲಿ ಹೆಚ್ಚಿನ ಮನೆಗಳ ಮಾತು ತೆಲುಗು. ತೆಲುಗಿನಲ್ಲಿ ಕಾಲು ಭಾಗಕ್ಕೆ ಪಾವು, ಅರ್ಧಕ್ಕೆ ಅರ, ಮುಕ್ಕಾಲಿಗೆ ಮುಪ್ಪಾವು. ನಮ್ಮ ಹಳೆಯ ಅಳತೆಯಲ್ಲಿ ಸೇರಿನ ಕಾಲು ಭಾಗಕ್ಕೆ ಪಾವು ಎಂದೇ ಹೆಸರಲ್ಲವೇ, ಅದೇ ಮಾತು. ಶಿಕ್ಷಕಿ ತಿಪಟೂರಿನ ಕಡೆಯವರು, ತೆಲುಗು ಬಾರದು. ಅವರಿಗೆ ಅದು ಮಕ್ಕಳ ಗುಸುಗುಸು ಅಷ್ಟೇ ಆಗಿತ್ತು. ವಿರಾಮದಲ್ಲಿ ಇದನ್ನು ಹೇಳಿದೆ. ನನ್ನ ಹಾಳೆಯ ಮೇಲಿನ ನಾಲ್ಕು ಖಾಲಿ ಜಾಗಗಳಿಗೆ ಅವರೇ ಪೆನ್ನಿನಲ್ಲಿ ಐದನೆಯದನ್ನು ಸೇರಿಸಿದರು: ಮನೆಮಾತು.

ಶನಿವಾರ ವೇಳಾಪಟ್ಟಿ ಸಡಿಲವಿದ್ದುದರಿಂದ ವಿರಾಮದ ನಂತರ ಎರಡನೇ ತುಣುಕಿಗೆ ಹೋದರು. ಇಲ್ಲಿ ಒಂದು ಎಡವಟ್ಟಾಯಿತು, ಗೊತ್ತಿರುವುದು ಒಳ್ಳೆಯದು. ಹನ್ನೆರಡು ಮನೆ ಎಂದರೆ ಮಕ್ಕಳು ಹನ್ನೆರಡು ಗೆರೆ ಎಣಿಸಿ ಹರಿಯುತ್ತಾರೆ. ಹನ್ನೆರಡು ಗೆರೆಗಳ ನಡುವೆ ಇರುವುದು ಹನ್ನೊಂದು ಮನೆ. ಏಳೆಂಟು ಪಟ್ಟಿಗಳು ಹೀಗಾಗಿದ್ದವು. ಕಣ್ಣಿಗೆ ಗೊತ್ತಾಗುವುದಿಲ್ಲ, ಮಡಚಿದರೆ ತಿಳಿಯುತ್ತದೆ: ಸರಿಯಾದ ಪಟ್ಟಿಯನ್ನು ನಡುವೆ ಮಡಚಿದರೆ ಮಡಿಕೆ ಗೆರೆಯ ಮೇಲೆ ಬೀಳುತ್ತದೆ, ಹನ್ನೊಂದು ಮನೆಯದಾದರೆ ಒಂದು ಮನೆಯ ಹೊಟ್ಟೆಯ ಮೇಲೆ ಬೀಳುತ್ತದೆ. ಎಲ್ಲರೂ ಮೊದಲು ಮಡಚಿ ನೋಡಿಕೊಳ್ಳಿ ಎಂದು ಹೇಳಿದ ಮೇಲೆ ಮಕ್ಕಳೇ ಪರಸ್ಪರ ತಿದ್ದಿಕೊಂಡರು. ಐದು ನಿಮಿಷ ಹೋಯಿತು.

ಅಕ್ಕಪಕ್ಕದ ನಾಲ್ವರು ಒಂದು ಗುಂಪು. ಒಬ್ಬರು ಪಟ್ಟಿಯನ್ನು ಎರಡು, ಒಬ್ಬರು ಮೂರು, ಒಬ್ಬರು ನಾಲ್ಕು, ಒಬ್ಬರು ಆರು ಸಮಭಾಗ ಮಾಡಿ ಹರಿದು, ಒಂದು ತುಂಡಿನ ಮೇಲೆ 1/2, 1/3, 1/4, 1/6 ಎಂದು ಬರೆದು, ಅವುಗಳನ್ನು ಉದ್ದದಿಂದ ಗಿಡ್ಡಕ್ಕೆ ಜೋಡಿಸಬೇಕು. ಗುಂಪಿನಲ್ಲಿ ಒಬ್ಬರು ಕಡಿಮೆಯಿದ್ದಲ್ಲಿ ಇನ್ನೊಬ್ಬರು ಎರಡು ಪಟ್ಟಿ ಹರಿದರು. ನಾಲ್ಕನೆಯವರಿಗೂ ಐದನೆಯವರಿಗೂ ಕೆಲಸ ಒಂದೇ, ಕೇಳುವ ಪ್ರಶ್ನೆ ಬೇರೆ. ನಾಲ್ಕನೆಯವರಿಗೆ: ಕೆಳಗಿನ ಅಂಕಿ ದೊಡ್ಡದಾದಂತೆ ತುಂಡಿಗೆ ಏನಾಯಿತು? ಐದನೆಯವರಿಗೆ: ಎಷ್ಟು 1/6 ತುಂಡು ಸೇರಿದರೆ ಒಂದು 1/3 ಮುಚ್ಚುತ್ತದೆ? ಒಂದು ಮಗು 1/6 ತುಂಡನ್ನು ಹಿಡಿದು, “ಆರು ಮಂದಿ ಬಂದರೆ ಇಷ್ಟೇ” ಎಂದಿತು. ರೊಟ್ಟಿಯ ಹಂಚಿಕೆಯನ್ನು ಅದು ತಾನಾಗಿಯೇ ಅಂಕಿಯ ಮೇಲೆ ತಂದಿಟ್ಟಿತ್ತು.

ಆದರೆ ಈ ಪಟ್ಟಿಗೆ ಒಂದು ದೋಷವಿದೆ. ನಾಲ್ಕು ಮನೆ ಮೂರು ಮನೆಗಿಂತ ದೊಡ್ಡದೆಂದು ಎಣಿಸಿ ಹೇಳಿದ ಮಗು ಸರಿಯುತ್ತರವನ್ನೇ ಕೊಡುತ್ತದೆ, ಭಿನ್ನರಾಶಿಯನ್ನು ನೋಡಿಯೇ ಇರುವುದಿಲ್ಲ. ಹಾಗಾಗಿದೆಯೇ ಎಂದು ತಿಳಿಯಲು ಗೆರೆ ಇಲ್ಲದ ಉದ್ದವೊಂದನ್ನು ಕೊಡಬೇಕು. ಶಿಕ್ಷಕಿ ಬಾವಿಹಗ್ಗದ ತುಂಡೊಂದನ್ನು ನೆಲದ ಮೇಲೆ ಚಾಚಿ, “ಇದರ ಐದನೇ ಒಂದು ಉದ್ದವೋ, ಎಂಟನೇ ಒಂದು ಉದ್ದವೋ?” ಎಂದು ಕೇಳಿದರು. ಎಣಿಸಲು ಮನೆಯಿಲ್ಲ, ಪಟ್ಟಿಯಲ್ಲಿ ನೋಡಿದ ಸಂಖ್ಯೆಗಳೂ ಅಲ್ಲ. ಹನ್ನೆರಡು ಮಕ್ಕಳು ತಡಮಾಡದೆ ಐದನೇ ಒಂದು ಎಂದರು. ಉಳಿದವರು ಪಕ್ಕದವರ ಮುಖ ನೋಡಿದರು. ಅವರಿಗೆ ಸೋಮವಾರ ಇದೇ ತುಣುಕು ಮತ್ತೊಮ್ಮೆ ಬೇಕೆಂದು ಗೊತ್ತಾಯಿತು. ಇಂಥ ಪ್ರಶ್ನೆಯಿಲ್ಲದೆ ಪಾಠ ಮುಗಿಸಿದ್ದರೆ ಎಲ್ಲರಿಗೂ ಬಂತೆಂದೇ ನಾವಿಬ್ಬರೂ ನಂಬುತ್ತಿದ್ದೆವು.

ಮೂರನೇ ತುಣುಕನ್ನು ಐದನೇ ತರಗತಿಯವರಿಗೆ ಮಾತ್ರ ಮಾಡಿದರು. ನಾಲ್ಕನೆಯವರಿಗೆ ಹನ್ನೆರಡು ಹನ್ನೆರಡು ಕಡಲೆಕಾಯಿ ಕೊಟ್ಟು ಅರ್ಧ, ಕಾಲು ಗುಡ್ಡೆ ಮಾಡಲು ಬಿಟ್ಟರು. ಬೆಳೆ ಒಕ್ಕಣೆಯಾಗಿದ್ದ ಕಾಲ, ಮಕ್ಕಳ ಜೇಬಿನಲ್ಲೇ ಇದ್ದವು. ಐದನೆಯವರಿಗೆ ಹಲಗೆಯ ಮೇಲೆ 1/2 + 1/4 ಎಂದು ಬರೆದರು. ಒಂಬತ್ತರಲ್ಲಿ ಆರು ಮಕ್ಕಳು 2/6 ಎಂದು ಬರೆದರು. ಮೇಲಿನದನ್ನು ಮೇಲಿನದಕ್ಕೆ, ಕೆಳಗಿನದನ್ನು ಕೆಳಗಿನದಕ್ಕೆ. ಶಿಕ್ಷಕಿ ಸರಿ ತಪ್ಪು ಹೇಳಲಿಲ್ಲ. ಪಟ್ಟಿಯಲ್ಲಿ ಆರನೇ ಎರಡನ್ನು ತೋರಿಸಿ ಎಂದರು. ಮಕ್ಕಳು ಎರಡೆರಡು ಮನೆಯ ಎರಡು ತುಂಡು ಜೋಡಿಸಿದರು, ನಾಲ್ಕು ಮನೆ. ಈಗ ಅರ್ಧವನ್ನು ಪಕ್ಕದಲ್ಲಿಡಿ. ಆರು ಮನೆ.

“ಅರ್ಧ ಇತ್ತು, ಅದಕ್ಕೆ ಇನ್ನಷ್ಟು ಸೇರಿಸಿದೆವು. ಅರ್ಧಕ್ಕಿಂತ ಕಡಿಮೆ ಹೇಗಾಯಿತು?”

ಯಾರೂ ಮಾತನಾಡಲಿಲ್ಲ. ಆಗ ಶಿಕ್ಷಕಿ ನನ್ನ ಹಾಳೆಯಲ್ಲಿ ಇಲ್ಲದ ಒಂದು ಪ್ರಶ್ನೆ ಕೇಳಿದರು. “ಮನೆಯಲ್ಲಿ ಅರ ಲೀಟರ್ ಹಾಲಿತ್ತು, ಅಮ್ಮ ಪಾವು ಲೀಟರ್ ತಂದರು. ಎಷ್ಟಾಯಿತು?”

“ಮುಪ್ಪಾವು” ಎಂದು ಒಂಬತ್ತು ಮಕ್ಕಳೂ ಒಂದೇ ಉಸಿರಿಗೆ ಹೇಳಿದರು.

“ಮುಪ್ಪಾವು ಎಂದರೆ ಎಷ್ಟು ಪಾವು?”

ಮೂರು. ಮುಕ್ಕಾಲು ಎಂದರೆ ಮೂರು ಕಾಲು, ಮುಪ್ಪಾವು ಎಂದರೆ ಮೂರು ಪಾವು. ಉತ್ತರ ಆ ಮಾತಿನೊಳಗೇ ಇದೆ. ಕಾಲು ಎಂಬುದು ತುಂಡಿನ ಹೆಸರು, ಮೂರು ಎಂಬುದು ಎಷ್ಟು ತುಂಡು ಎಂಬ ಎಣಿಕೆ. ಅರ್ಧವನ್ನು ಎರಡು ಕಾಲುಗಳಾಗಿ ನೋಡಿದರೆ ಎರಡು ಕಾಲು, ಒಂದು ಕಾಲು, ಒಟ್ಟು ಮೂರು ಕಾಲು. ಪಟ್ಟಿಯಲ್ಲಿ ಒಂಬತ್ತು ಮನೆ. ತುಂಡಿನ ಹೆಸರುಗಳು ಒಂದೇ ಆಗದೆ ಕೂಡಿಸಲು ಬರುವುದಿಲ್ಲವೆಂಬುದು ಇಲ್ಲಿ ಸಿಕ್ಕಿತು, ಸಮಛೇದ ಎಂಬ ಶಬ್ದ ಇನ್ನೂ ಬಂದಿರಲಿಲ್ಲ. ನಾಲ್ಕನೇ ಮೂರನ್ನು 4/3 ಎಂದು ಬರೆದಿದ್ದ ಹುಡುಗಿಗೆ ಶಿಕ್ಷಕಿ, “ಮೂರು ಕಾಲು ಎಂದು ಹೇಳಿಕೊಂಡು ಬರೆ” ಎಂದರು. ಮೂರು ಬರೆದಳು, ಅಡಿಯಲ್ಲಿ ಗೆರೆ ಎಳೆದಳು, ಕಾಲಿಗೆ ನಾಲ್ಕು ಎಂದು ತನಗೆ ತಾನೇ ಹೇಳಿಕೊಂಡು ಕೆಳಗೆ ನಾಲ್ಕು ಬರೆದಳು. ಈ ಉಪಾಯ ಎಲ್ಲ ಭಿನ್ನರಾಶಿಗೂ ಒದಗುವುದಿಲ್ಲ. ಮನೆಮಾತಿನಲ್ಲಿ ಹೆಸರಿರುವುದು ಅರ್ಧ, ಕಾಲು, ಅರೆಕಾಲು, ವೀಸದಂತೆ ಅರ್ಧ ಅರ್ಧ ಮಾಡುತ್ತ ಹೋದ ತುಂಡುಗಳಿಗೆ. ಮೂರನೇ ಒಂದಕ್ಕೆ ಅಂಥ ಬಳಕೆಯ ಹೆಸರಿಲ್ಲ. ಅಲ್ಲಿ ಪಟ್ಟಿಯನ್ನೇ ನೆಚ್ಚಬೇಕು.

ಪಾಠ ಮುಗಿಯುವ ಹೊತ್ತಿಗೆ ಮಕ್ಕಳು ಹರಿದ ಪಟ್ಟಿಗಳನ್ನು ಪುಸ್ತಕಕ್ಕೆ ಅಂಟಿಸುತ್ತಿದ್ದರು. ಐದನೇ ತರಗತಿಯ ಅದೇ ಹುಡುಗಿ ಹೊಸ ಪಟ್ಟಿಯೊಂದನ್ನು ಹಿಡಿದು ಮನೆಗಳ ಮೇಲೆ ಬೆರಳಿಟ್ಟು ಎಣಿಸುತ್ತ ಕುಳಿತಿದ್ದಳು. ಹಗ್ಗದ ಪ್ರಶ್ನೆ ಅವಳನ್ನು ಬಿಟ್ಟಿರಲಿಲ್ಲ.

“ಮಿಸ್, ಐದು ಮಂದಿಗೆ ಎರಡೆರಡು ಮನೆ ಕೊಟ್ಟರೆ ಇನ್ನೂ ಎರಡು ಮನೆ ಮಿಕ್ಕುತ್ತವೆ. ಐದನೇ ಒಂದು ಈ ಪಟ್ಟಿಯಲ್ಲಿ ಇಲ್ಲವೇ?”

ಶಿಕ್ಷಕಿ ನನ್ನ ಕಡೆ ನೋಡಿದರು. ನಾನು ಏನೂ ಹೇಳಲಿಲ್ಲ. ಅವರು ಹುಡುಗಿಯ ಪಕ್ಕದಲ್ಲಿ ಕುಳಿತು, “ಹಾಗಾದರೆ ಎಷ್ಟು ಮನೆಯ ಪಟ್ಟಿ ಬೇಕು?” ಎಂದು ಕೇಳಿದರು. ಹುಡುಗಿ ಪಟ್ಟಿಯ ತುದಿಯ ಎರಡು ಮನೆಗಳನ್ನು ಹಿಂದಕ್ಕೆ ಮಡಚಿ ತೋರಿಸಿದಳು. ಶಿಕ್ಷಕಿ ಮೇಜಿನ ಮೇಲಿದ್ದ ಹಾಳೆಯನ್ನು ತೆಗೆದುಕೊಂಡು, ನಾನು ಖಾಲಿ ಬಿಟ್ಟಿದ್ದ ಕೊನೆಯ ಕಾಲು ಭಾಗದಲ್ಲಿ ಬರೆದರು: “ಸೋಮವಾರ. ನಾಲ್ಕನೇ ತರಗತಿಗೆ ಎರಡನೇ ತುಣುಕು ಮತ್ತೆ. ಐದನೆಯವರಿಗೆ ಹತ್ತು ಮನೆಯ ಪಟ್ಟಿ.”